ಮಾವಿನಹಣ್ಣಿನ ಲೆಕ್ಕ: ಶರಣೆಯರ ಪವಾಡದ ಕಥೆಗಳಲ್ಲಿ ಚರಿತ್ರೆ ಹುಡುಕೋದು

ತಮಿಳಿನ ಶಿವಭಕ್ತೆ, ಕವಿ ಕಾರೈಕ್ಕಾಲ್ ಅಮ್ಮೈಯಾರ್ ಕಥೇನ ನಮ್ಮಜ್ಜಿಗೆ ಒಂದ್ಸಲ ಹೇಳಿದ್ದೆ. ವ್ಯಾಪಾರಿಯೊಬ್ಬ ಮನೆಗೆ ಎರಡು ಮಾವಿನಹಣ್ಣು ಕಳಿಸ್ತಾನೆ, ಅಷ್ಟರಲ್ಲಿ ಹಸಿದ ಶಿವಭಕ್ತನೊಬ್ಬ ಬಾಗಿಲಿಗೆ ಬರ್ತಾನೆ, ಅನ್ನ ಆಗಿರುತ್ತೆ ಪಲ್ಯ ಆಗಿರಲ್ಲ, ಹೆಂಡತಿ ಪುನೀತವತಿ, ಅಂದ್ರೆ ಮುಂದೆ ಅಮ್ಮೈಯಾರ್ ಆಗೋಳು, ಒಂದು ಹಣ್ಣು ಅವನ ಎಲೆಗೆ ಹಾಕ್ತಾಳೆ. ಮಧ್ಯಾಹ್ನ ಗಂಡ ಪರಮದತ್ತ ಊಟಕ್ಕೆ ಕೂತು ಒಂದು ಹಣ್ಣು ತಿಂದು ಇನ್ನೊಂದೂ ತಾ ಅಂತಾನೆ, ಇವಳು ಒಳಗೆ ಹೋಗಿ ಶಿವನ್ನ ನೆನೀತಾಳೆ, ಕೈಗೆ ಹಣ್ಣು ಬರುತ್ತೆ. ನಾನು ಪವಾಡದ ಹತ್ರ ಬಂದು ಸ್ವಲ್ಪ ನಾಟಕೀಯವಾಗಿ ನಿಲ್ಲಿಸಿದ್ರೆ ಅಜ್ಜಿ ಕೇಳಿದ್ದು ಬೇರೇನೇ: "ಅಲ್ವೋ, ಒಂದು ಹಣ್ಣು ಯಾರಿಗೋ ಕೊಟ್ಟೆ ಅಂತ ಬಾಯಿಬಿಟ್ಟು ಹೇಳಕ್ಕೂ ಹೆದರಿಕೆನಾ ಅವಳಿಗೆ?"

ಎಂ.ಎ.ನಲ್ಲಿ ಆಕರ ವಿಮರ್ಶೆ ಅಂತ ಒಂದು ಇಡೀ ಪೇಪರ್ ಓದಿದ್ರೂ ನನಗೆ ಹೊಳೆದಿರದ ಪ್ರಶ್ನೆ ಅದು. ಶರಣೆಯರ, ಸಂತ ಹೆಣ್ಮಕ್ಕಳ ಚರಿತ್ರೆಗಳನ್ನ ನಾವು ಸಾಮಾನ್ಯವಾಗಿ ಎರಡು ಥರ ಓದ್ತೀವಿ. ಒಂದೋ ಕೈಮುಗಿದು, ಇಲ್ಲಾಂದ್ರೆ 'ಇದೆಲ್ಲ ಕಟ್ಟುಕಥೆ' ಅಂತ ಪವಾಡ ಕಿತ್ತುಹಾಕಿ ಉಳಿದಿದ್ದನ್ನ 'ನಿಜವಾದ ಇತಿಹಾಸ' ಅಂತ ಇಟ್ಕೊಂಡು. ಎರಡನೇದು ಇನ್ನೂ ಮೋಸ ಅನ್ಸುತ್ತೆ ನನಗೆ, ಯಾಕಂದ್ರೆ ಬೇಕಾಗಿರೋ ಮಾಹಿತಿ ಇರೋದೇ ಪವಾಡದ ಪಕ್ಕದಲ್ಲಿ. ಕಥೆಗಾರ ಪವಾಡ ಅಂದ್ರೆ ಗಂಟೆ ಹೊಡೆದು ಹೇಳ್ತಾನೆ, ಆದ್ರೆ ಅದರ ಸುತ್ತ ಇರೋದನ್ನ, ಅಂದ್ರೆ ಕೇಳೋರಿಗೆಲ್ಲ ಗೊತ್ತೇ ಇದೆ ಅನ್ಕೊಂಡು ವಿವರಣೆ ಕೊಡದೆ ದಾಟಿ ಹೋಗೋದನ್ನ, ಅದನ್ನ ನಾವು ಹಿಡ್ಕೋಬೇಕು. ಗಂಡ ಹಣ್ಣಿನ ಲೆಕ್ಕ ಇಟ್ಟಿದ್ದ ಅನ್ನೋದನ್ನ ಯಾರೂ ವಿವರಿಸಲ್ಲ.

ಕಥೆ ಮುಂದೆ ಇನ್ನೂ ಗಟ್ಟಿಯಾಗುತ್ತೆ. ಆ ಹಣ್ಣು ಎಲ್ಲೂ ಇಲ್ಲದಷ್ಟು ರುಚಿ, ಅವನಿಗೆ ಅನುಮಾನ ಬಂದು ಕೇಳ್ತಾನೆ, ಇವಳು ನಿಜ ಹೇಳ್ತಾಳೆ, ಹಂಗಾದ್ರೆ ಇನ್ನೊಂದು ತರಿಸು ನೋಡಣ ಅಂತಾನೆ. ಅದೂ ಬರುತ್ತೆ, ಅವನ ಕೈಗೆ ಬಂದಕೂಡ್ಲೆ ಮಾಯ ಆಗುತ್ತೆ. ಅವನು ಹೆದರಿ, ವ್ಯಾಪಾರದ ನೆಪದಲ್ಲಿ ಹಡಗು ಹತ್ತಿ, ಪಾಂಡ್ಯರ ಸೀಮೆಯ ಒಂದು ಪಟ್ಟಣಕ್ಕೆ ಹೋಗಿ ಇನ್ನೊಬ್ಬ ವ್ಯಾಪಾರಿ ಮಗಳನ್ನ ಮದುವೆ ಆಗ್ತಾನೆ. ಹುಟ್ಟಿದ ಹೆಣ್ಣುಮಗೂಗೆ ಮೊದಲ ಹೆಂಡತಿ ಹೆಸರೇ ಇಡ್ತಾನೆ. ಇವಳ ನೆಂಟರು ವಿಷಯ ತಿಳ್ಕೊಂಡು ಪಲ್ಲಕ್ಕೀಲಿ ಕೂರಿಸ್ಕೊಂಡು ಅಲ್ಲಿಗೆ ಕರ್ಕೊಂಡು ಹೋದ್ರೆ ಅವನು ಹೊಸ ಹೆಂಡತಿ, ಮಗು ಸಮೇತ ಬಂದು ಕಾಲಿಗೆ ಬೀಳ್ತಾನೆ, ಇವಳು ಮನುಷ್ಯಳಲ್ಲ ದೇವತೆ ಅಂತಾನೆ. ಎಷ್ಟು ಅನುಕೂಲ ನೋಡಿ! ಪೂಜೆ ಮಾಡಿದ್ರೆ ಸಂಸಾರ ಮಾಡೋ ಹಂಗಿಲ್ಲ. ಗಂಡ ಒಪ್ಪಲ್ಲ, ನೆಂಟರ ಹತ್ರ ಉಪಾಯ ಮುಗೀತು, ಬಿಟ್ಟುಹೋದ ಹೆಂಡತಿ ಅಂತ ತವರಿಗೆ ವಾಪಸ್ ಬರೋ ಮಾತೂ ಕಥೇಲಿಲ್ಲ. ಆಗ ಅವಳು ಇವನಿಗೋಸ್ಕರ ಹೊತ್ತಿದ್ದ ಈ ಮೈಮಾಂಸ ತೆಗಿ ಅಂತ ಶಿವನ್ನ ಕೇಳ್ಕೊಂಡು ಎಲುಬಿನ ಗೂಡಾಗಿ ಪೇಯ್ ಅಂದ್ರೆ ಪಿಶಾಚಿ ರೂಪ ತಗೋತಾಳೆ, ಕೈಲಾಸಕ್ಕೆ ತಲೆ ಮೇಲೆ ನಡ್ಕೊಂಡು ಹೋಗ್ತಾಳೆ. ಎಲ್ಲಾ ದಾರಿ ಮುಚ್ಚಿದ ಜಾಗದಲ್ಲೇ ದೊಡ್ಡ ಪವಾಡ ಕೂತಿದೆ. ಪವಾಡ ಎಲ್ಲಿ ಬರುತ್ತೋ ಅಲ್ಲಿ ಆ ಸಮಾಜದಲ್ಲಿ ಬೇರೆ ಬಾಗಿಲು ಇರಲಿಲ್ಲ ಅಂತ ಗುರುತು ಹಾಕ್ಕೋಬೋದು ಅನ್ನೋದು ನನ್ನ ವಾದ.

ಆದ್ರೆ ಯಾವ ಸಮಾಜ? ಇಲ್ಲಿ ಎಡವೋರು ಜಾಸ್ತಿ. ಅಮ್ಮೈಯಾರ್ ಕಾಲ ಸುಮಾರು 6ನೇ ಶತಮಾನ ಅಂತಾರೆ, ಈ ಕಥೆ ಇಷ್ಟು ವಿವರವಾಗಿ ಸಿಗೋದು 12ನೇ ಶತಮಾನದ ಸೇಕ್ಕಿಳಾರ್ ಬರೆದ, ಶಿವಭಕ್ತರ ಚರಿತ್ರೆ ಹೇಳೋ ಪೆರಿಯಪುರಾಣದಲ್ಲಿ, ಅದೂ ಚೋಳರ ಆಸ್ಥಾನದ ಆಸರೇಲಿ. ಆಕೆಯದೇ ಪದ್ಯಗಳು ಇವೆಯಲ್ಲ, ಅವುಗಳಲ್ಲಿ ತನ್ನನ್ನ ಕಾರೈಕ್ಕಾಲ್ ಪೇಯ್ ಅಂತ ಕರ್ಕೊತಾಳೆ, ಸ್ಮಶಾನ ಇದೆ, ಶಿವನ ಕುಣಿತ ಇದೆ, ಗಂಡನೂ ಇಲ್ಲ ಮಾವಿನಹಣ್ಣೂ ಇಲ್ಲ. ಪಿಶಾಚಿ ಅಂತ ತನ್ನನ್ನ ಕರ್ಕೊಂಡ ಹೆಂಗಸು ಯಾಕೆ ಹಂಗಾದ್ಲು ಅನ್ನೋದಕ್ಕೆ ಐನೂರು ಆರುನೂರು ವರ್ಷ ಆದ್ಮೇಲೆ ಒಂದು ಕಾರಣ ಬೇಕಾಯ್ತು, ಮರ್ಯಾದಸ್ಥ ಗೃಹಿಣಿಯ ಕಾರಣ. ಹಾಗಾಗಿ ಪರಮದತ್ತನ ಮನೆತನದಂಥ ನಾಗಪಟ್ಟಣದ ವರ್ತಕರು, ಹಡಗು, ಎರಡನೇ ಮದುವೆ ಇದನ್ನೆಲ್ಲ ನಾನು ಚೋಳರ ಕಾಲದ ವ್ಯಾಪಾರಿ ಮನೆಗಳು ಹೆಂಗಿದ್ವು ಅನ್ನೋದಕ್ಕೆ ಬಳಸ್ತೀನಿ, 6ನೇ ಶತಮಾನಕ್ಕೆ ಬಳಸೋ ಧೈರ್ಯ ನನಗಿಲ್ಲ.

ಪಂಢರಪುರದ ಜನಾಬಾಯಿ ಕಥೇನೂ ಇಂಥದ್ದೇ. ನಾಮದೇವರ ಮನೆಯ ಕೆಲಸದವಳು, ವಿಠಲ ಬಂದು ಜೊತೇಲಿ ಕೂತು ಬೀಸೋಕಲ್ಲು ತಿರುಗಿಸ್ತಾನೆ. ಒಂದಿನ ದೇವರ ಪದಕ ಗುಡಿಯಿಂದ ಕಾಣೆ ಆಗುತ್ತೆ, ಸಿಗೋದು ಇವಳ ಹತ್ರ, ಶೂಲಕ್ಕೆ ಹಾಕ್ರಿ ಅಂತಾರೆ, ಶೂಲ ನೀರಾಗುತ್ತೆ. ಈ ಕಥೇನ 1762ರಲ್ಲಿ ಮರಾಠಿ ಕವಿ ಮಹೀಪತಿ ಭಕ್ತವಿಜಯದಲ್ಲಿ ಬರೆದಿಟ್ಟಿದ್ದಾನೆ. ಕೆಲಸದವಳ ಮೇಲೆ ಕಳ್ಳತನ ಹೊರಿಸೋದಕ್ಕೆ ವಿಚಾರಣೆ ಬೇಕಿಲ್ಲ ಅನ್ನೋದು ಅಲ್ಲಿ ಪ್ರಶ್ನೇನೇ ಅಲ್ಲ, ಶೂಲ ಕರಗಿದ್ದು ಮಾತ್ರ ಆಶ್ಚರ್ಯ. ಇನ್ನು ಎಷ್ಟು ಹಿಟ್ಟು ಬೀಸಬೇಕಿದ್ರೆ ದೇವರೇ ಕೈ ಹಾಕಬೇಕು, ನೀವೇ ಊಹಿಸ್ಕೊಳ್ಳಿ.

ಈಗ ನಮ್ಮ ಅಕ್ಕಮಹಾದೇವಿಗೆ ಬರ್ತೀನಿ. ಮದುವೆ ಆಗಿತ್ತಾ ಇಲ್ವಾ ಅಂತ ಕಳೆದ ಶತಮಾನದಲ್ಲಿ ನಮ್ಮ ವಿದ್ವಾಂಸರು ಸಾಕಷ್ಟು ಜಗಳ ಆಡಿದಾರೆ. ಹರಿಹರನ ರಗಳೇಲಿ, ಅಂದ್ರೆ ಅಕ್ಕ ಹೋಗಿ ಸ್ವಲ್ಪ ಕಾಲಕ್ಕೇ ಬರೆದದ್ರಲ್ಲಿ, ಮದುವೆ ಇದೆ: ರಾಜ ಕೌಶಿಕ ಅವಳನ್ನ ನೋಡ್ತಾನೆ, ಕೇಳಿಸ್ತಾನೆ, ಒಪ್ಪದಿದ್ರೆ ಅಪ್ಪ ಅಮ್ಮನಿಗೆ ಗತಿ ಇಲ್ಲ ಅಂತ ಬೆದರಿಕೆ. ಅವರನ್ನ ಉಳಿಸೋಕೆ ಇವಳು ಒಪ್ತಾಳೆ, ಆದ್ರೆ ಕರಾರು ಹಾಕಿ. ತನ್ನ ಪೂಜೆಗೆ, ಶರಣರ ಸಂಗಕ್ಕೆ ಅಡ್ಡಿ ಬರಬಾರದು, ಮೂರು ತಪ್ಪು ಮಾಡಿದ್ರೆ ಮುಗೀತು. ಅವನು ಮೂರೂ ಮುರೀತಾನೆ, ಅವಳು ಹೊರಡ್ತಾಳೆ. 15ನೇ ಶತಮಾನದ ಚಾಮರಸನ ಪ್ರಭುಲಿಂಗಲೀಲೆಗೆ ಬರೋ ಹೊತ್ತಿಗೆ ಮದುವೆ ಮಾಯ. ಯಾವುದು ನಿಜ ಅನ್ನೋದಕ್ಕಿಂತ ಈ ಅಳಿಸಾಟ ನನಗೆ ದೊಡ್ಡ ದಾಖಲೆ. ಹರಿಹರನ ಓದುಗರಿಗೆ ಗಂಡನ್ನ ಬಿಟ್ಟುಬಂದ ಶರಣೆ ನಡೀತಿದ್ಲು, ಎರಡೂವರೆ ಶತಮಾನದ ನಂತರ, ಧರ್ಮ ಗಟ್ಟಿಯಾಗಿ ಮಠ ಸಂಪ್ರದಾಯ ಎಲ್ಲ ನೆಲೆಯಾದ್ಮೇಲೆ, ಕನ್ಯೆಯೇ ಬೇಕಾದ್ಲು. ಭವಿಯೊಬ್ಬ, ಅಂದ್ರೆ ಲಿಂಗ ಕಟ್ಟದವನೊಬ್ಬ, ಮುಟ್ಟಿದ ಮೈ ಅಂತ ಮುಜುಗರ ಇತ್ತೇನೋ, ನನ್ನ ಅನುಮಾನ ಅಷ್ಟೇ.

ಹಾಗಂತ ಕಂಡಿದ್ದೆಲ್ಲ ಸಾಕ್ಷಿ ಅಂತ ಕೂತ್ರೆ ನಾವೂ ಕಥೆ ಕಟ್ಟೋರೇ ಆಗ್ತೀವಿ. ಮೂರು ಕರಾರು, ಮೂರು ತಪ್ಪು ಅನ್ನೋದು ಜನಪದ ಕಥೆಯ ಸಲಕರಣೆ, ಕರಾರಿನ ಮದುವೆ ಆ ಕಾಲದಲ್ಲಿ ರೂಢೀಲಿತ್ತು ಅಂತ ಅದರಿಂದ ತೆಗೆಯಕ್ಕಾಗಲ್ಲ. ಅಕ್ಕನ ವಚನದಲ್ಲಿ ಬರೋ ಭಿಕ್ಷಾನ್ನ, ಕೆರೆ ಹಳ್ಳ ಬಾವಿ, ಮಲಗೋಕೆ ಹಾಳು ದೇಗುಲ, ಇದು ಬೇರೆ. ಒಂಟಿ ಹೆಂಗಸು ರಾತ್ರಿ ಎಲ್ಲಿ ತಂಗ್ತಿದ್ಲು ಅನ್ನೋದು ಒಬ್ಬ ಚರಿತ್ರೆಕಾರನೂ ಬರೆದಿಡದ ವಿಷಯ.

ಇನ್ನು ಶರಣರ ವಚನಗಳನ್ನ ಸಂವಾದದ ಥರ ಜೋಡಿಸಿಟ್ಟಿರೋ ಶೂನ್ಯಸಂಪಾದನೆ. ಕಲ್ಯಾಣದ ಅನುಭವ ಮಂಟಪಕ್ಕೆ ಕೂದಲನ್ನೇ ಹೊದ್ಕೊಂಡು ಬಂದ ಅಕ್ಕನ್ನ ಅಲ್ಲಮ ನಿಲ್ಲಿಸಿ ಮೊದಲು ಕೇಳೋದು ನಿನ್ನ ಗಂಡ ಯಾರು ಅಂತ. ಸೀರೆ ಬಿಟ್ಟೋಳಿಗೆ ಕೂದಲು ಯಾಕೆ ಮುಚ್ಕೋಬೇಕು ಅಂತಾನೂ ಕೆಣಕ್ತಾನೆ. ಕಾಮನ ಮುದ್ರೆಯ ಕಂಡು ನಿಮಗೆ ನೋವಾದೀತೆಂದು ಮುಚ್ಚಿದೆ ಅಂತಾಳೆ ಅವಳು. ಅಷ್ಟು ದೊಡ್ಡ ಶರಣರ ಸಭೇಲಿ ಒಂದು ಹೆಣ್ಣು ಒಳಗೆ ಕಾಲಿಡೋಕೆ ಮುಂಚೆ ಏನೇನಕ್ಕೆ ಉತ್ತರ ಕೊಡಬೇಕಿತ್ತು ಅನ್ನೋ ಪ್ರಶ್ನಾವಳಿ ಹಂಗೇ ಉಳಿದಿದೆ. ಅಜ್ಜಿಗೆ ಇದನ್ನೂ ಹೇಳಿದೆ. "ಬಂದ ಗಂಡಸ್ರನ್ನೂ ನಿನ್ನ ಹೆಂಡ್ತಿ ಯಾರು ಅಂತ ಕೇಳ್ತಿದ್ರೇನೋ?" ಅಂದ್ರು, ಸೊಪ್ಪು ಬಿಡಿಸ್ತಾ.