ಬೆಂಗಳೂರಿನ ಕೋಟೆ–ಪೇಟೆ: ಬೇಸಿಗೆಯ ಬೆಳಗಿನ ಪರಂಪರೆಯ ನಡಿಗೆ

ಏಪ್ರಿಲ್ ತಿಂಗಳ ವಾರದ ದಿನಗಳಿಗೆಂದು ರೂಪಿಸಿದ ಈ ನಡಿಗೆಯನ್ನು ಕೃಷ್ಣರಾಜೇಂದ್ರ ಮಾರುಕಟ್ಟೆ ಮೆಟ್ರೋ ನಿಲ್ದಾಣದಿಂದ ಬೆಳಿಗ್ಗೆ 7 ಗಂಟೆಗೆ ಆರಂಭಿಸಿ. ಹೂವಿನ ವ್ಯಾಪಾರ ನಸುಕಿನಲ್ಲೇ ಭರದಿಂದ ಸಾಗುವುದರಿಂದ ಮಾರುಕಟ್ಟೆಯನ್ನೇ ಮೊದಲು ನೋಡಬೇಕು. ಮೊದಲ ಮಹಡಿಯಿಂದ ಕೆಳಗೆ ನೋಡಿದರೆ ಸೇವಂತಿಗೆ, ಕನಕಾಂಬರದ ರಾಶಿಗಳು ಒಟ್ಟಿಗೆ ಕಾಣುತ್ತವೆ. ಹೊರೆ ಹೊತ್ತವರಿಗೆ ದಯವಿಟ್ಟು ದಾರಿ ಬಿಡಿ.

ಸಮೀಪದ ಕೋಟೆಯ ಬಾಗಿಲು 8.30ಕ್ಕೆ ತೆರೆಯುತ್ತದೆ. ಒಳಗಿನ ಅಂಗಳಕ್ಕೆ ನೆರಳು ಕಡಿಮೆಯಾದ್ದರಿಂದ ಬಿಸಿಲೇರುವ ಮೊದಲೇ ಅದನ್ನು ಮುಗಿಸುವುದು ಲೇಸು. ಕೆಂಪೇಗೌಡರ ಮಣ್ಣಿನ ಕೋಟೆಯ ಪರಂಪರೆಯನ್ನು ಮುಂದುವರಿಸಿ ಹೈದರ್ ಅಲಿ ಕಲ್ಲಿನಲ್ಲಿ ಕಟ್ಟಿಸಿದ, 1791ರಲ್ಲಿ ಕಾರ್ನ್‌ವಾಲಿಸ್‌ನ ಸೇನೆ ವಶಪಡಿಸಿಕೊಂಡ ಆ ದೊಡ್ಡ ಕೋಟೆಯಲ್ಲಿ ಇಂದು ಉಳಿದಿರುವುದು ಒಂದು ತುಣುಕು ಮಾತ್ರ. ಹೆಬ್ಬಾಗಿಲಿನ ಗಾರೆಯ ಕೆತ್ತನೆಯನ್ನು ನಿಧಾನವಾಗಿ ನೋಡಿ. ಇಷ್ಟಾದರೂ ಉಳಿಯಿತೆಂಬುದೇ ನಮ್ಮ ಭಾಗ್ಯ.

ಕೋಟೆ ವೆಂಕಟರಮಣ ದೇವಾಲಯವನ್ನು ಮಧ್ಯಾಹ್ನದ ವಿರಾಮಕ್ಕೆ ಮುನ್ನ, ಅಂದರೆ 9.30ರ ಸುಮಾರಿಗೆ ತಲುಪಿ. ಕಲ್ಲುಹಾಸು ಕಾಯುವ ಮುನ್ನ ಬರಿಗಾಲಿನ ಪ್ರದಕ್ಷಿಣೆ ಸುಲಭ.

ಪಕ್ಕದ ಟಿಪ್ಪುವಿನ ಬೇಸಿಗೆ ಅರಮನೆ ಸಂಜೆ 5.30ರವರೆಗೆ ತೆರೆದಿರುವುದರಿಂದ ಅದನ್ನು ಬಿಸಿಲಿನ ಹೊತ್ತಿಗೆಂದೇ ಉಳಿಸಿಕೊಂಡಿದ್ದೇವೆ. 1781ರಲ್ಲಿ ಹೈದರ್ ಆರಂಭಿಸಿ 1791ರಲ್ಲಿ ಟಿಪ್ಪು ಪೂರ್ಣಗೊಳಿಸಿದ ಈ ಕಟ್ಟಡದ ಮರದ ಕಂಬಗಳು, ಕಮಾನುಗಳು ಮತ್ತು ಮೇಲ್ಮಹಡಿಯ ಮೊಗಸಾಲೆಗಳು, ಬೇಸಿಗೆಗೆಂದು ಹೇಗೆ ಕಟ್ಟುತ್ತಿದ್ದರೆಂಬುದನ್ನು ಮೈಗೇ ತಿಳಿಸುತ್ತವೆ. ಇಲ್ಲಿ ಒಂದು ಗಂಟೆ ಕಳೆಯಿರಿ.

11.30ರ ನಂತರ ಚಿಕ್ಕಪೇಟೆಯ ಅಂಗಡಿಗಳು ತೆರೆದಿರುತ್ತವೆ. ಇಕ್ಕಟ್ಟಾದ ಓಣಿಗಳಲ್ಲಿ ಕಟ್ಟಡಗಳ ನೆರಳು ಹಿಡಿದು ನಡೆದು, ಚಿಕ್ಕಪೇಟೆ ಮೆಟ್ರೋ ನಿಲ್ದಾಣದಲ್ಲಿ ನಡಿಗೆಯನ್ನು ಮುಗಿಸಿ.