15 ಎಂ.ಎಲ್.

ರಾತ್ರಿ ಒಂದು ಗಂಟೆ. ಸವಿತಾ ಏಳನೇ ಬೆಡ್ಡಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಮೊಬೈಲ್ ಟಾರ್ಚ್ ಹಿಡಿದು, ಮೂತ್ರ ತುಂಬುವ ಯೂರೋಬ್ಯಾಗಿನ ಅಳತೆ ಡಬ್ಬಿ ನೋಡಿದಳು. 15 ಎಂ.ಎಲ್. ಬಣ್ಣ ಟೀ ಡಿಕಾಕ್ಷನ್ ಥರ.

ಚಾರ್ಟು ತೆಗೆದಳು. ಹತ್ತಕ್ಕೆ 45. ಹನ್ನೊಂದಕ್ಕೆ 35. ಹನ್ನೆರಡಕ್ಕೆ 25. ಹನುಮಂತಪ್ಪನ ತೂಕ 60 ಕೆ.ಜಿ. ಕೆ.ಜಿ.ಗೆ ಅರ್ಧ ಎಂ.ಎಲ್. ಲೆಕ್ಕ ಹಿಡಿದರೂ ಗಂಟೆಗೆ 30 ಬರಬೇಕು. ಒಂದೊಂದೇ ಅಂಕಿ ನೋಡಿದರೆ ಯಾರಿಗೂ ಭಯ ಆಗಲ್ಲ. ಸಾಲಾಗಿ ನೋಡಿದರೆ ಬೇರೆ.

"ಈಗ ತಾನೇ ಕಣ್ಣು ಹತ್ತೈತಿ ಸಿಸ್ಟರ್, ಎಬ್ಬಿಸಬ್ಯಾಡ್ರಿ," ಅಂದಳು ನೆಲದಲ್ಲಿ ಮಲಗಿದ್ದ ಹೆಂಡತಿ.

"ಎಬ್ಬಿಸಲ್ಲಮ್ಮ. ಪೈಪ್ ನೋಡ್ತೀನಿ ಅಷ್ಟೇ."

ಪೈಪು ತೊಡೆಯ ಕೆಳಗೆ ಸಿಕ್ಕಿಕೊಂಡಿರಲಿಲ್ಲ, ಮಡಚಿಯೂ ಇರಲಿಲ್ಲ. ಕಿಬ್ಬೊಟ್ಟೆ ಮೆತ್ತಗಿತ್ತು; ಮೂತ್ರ ಕಟ್ಟಿ ನಿಂತಿಲ್ಲ. ಅಂದರೆ ಆಗುತ್ತಲೇ ಇಲ್ಲ. ಬಿಪಿ 110/70. ಪಲ್ಸ್ ಮಾತ್ರ ಸಂಜೆ 88 ಇದ್ದದ್ದು ಈಗ 112. ನಾಲಿಗೆ ಒಣಗಿತ್ತು.

ಆಮೇಲೆ, ಹೊಟ್ಟೆಯ ನೀರು ಹೊರಗೆ ಬರಲಿ ಅಂತ ಮೂಗಿಗೆ ಹಾಕಿದ್ದ ರೈಲ್ಸ್ ಟ್ಯೂಬಿನ ಚೀಲ ಕಣ್ಣಿಗೆ ಬಿತ್ತು. ಹಸಿರು ನೀರು, ಸಂಜೆಯಿಂದ ಒಂದು ಲೀಟರಿಗೂ ಜಾಸ್ತಿ. ಡ್ರಿಪ್ ಬಾಟಲಿ ಮಾತ್ರ ಅರ್ಧದಲ್ಲೇ ಇತ್ತು. ಮೊಣಕೈ ಮಡಚಿ ಮಲಗಿದ್ದಾನೆ, ಹನಿ ಬೀಳೋದೇ ನಿಧಾನ. ಕರುಳಿನ ಆಪರೇಷನ್ ಆದವನಿಗೆ ಒಳಗೆ ಹೋಗೋದಕ್ಕಿಂತ ಹೊರಗೆ ಬಂದದ್ದೇ ಜಾಸ್ತಿ.

ಎರಡು ಗಂಟೆಗೆ ಕೊಡಬೇಕಿದ್ದ ನೋವಿನ ಇಂಜೆಕ್ಷನ್ ಡೈಕ್ಲೋಫೆನಾಕ್ ಟ್ರೇಯಲ್ಲಿ ಸಿದ್ಧವಿತ್ತು. ಅದನ್ನು ಪಕ್ಕಕ್ಕಿಟ್ಟಳು. ಕಿಡ್ನಿ ಸೊರಗುತ್ತಿರುವಾಗ ಆ ಮದ್ದು ಕೊಡುವ ಹಾಗಿಲ್ಲ.

ಡ್ಯೂಟಿ ಡಾಕ್ಟರ್ ಮೂರನೇ ರಿಂಗಿಗೆ ಎತ್ತಿದರು. "ಬಿಪಿ ಚೆನ್ನಾಗಿದೆಯಲ್ಲ ಸಿಸ್ಟರ್, ಬೆಳಿಗ್ಗೆ ನೋಡೋಣ."

"ಯೂರಿನ್ ಕಳೆದ ಎರಡು ಗಂಟೆಯಿಂದ 30ರ ಒಳಗಿದೆ ಸಾರ್, ಈಗ 15. ಪಲ್ಸ್ 112. ರೈಲ್ಸ್ ಟ್ಯೂಬಲ್ಲಿ ಲೀಟರ್ ಮೇಲೆ ಹೋಗಿದೆ. ಡೈಕ್ಲೋ ಕೊಟ್ಟಿಲ್ಲ. ನೀವು ಬಂದು ನೋಡಿದ್ರೆ ಒಳ್ಳೇದು."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಬಂದೆ."

ಬಂದವರು ಎದೆಗೆ ಸ್ಟೆತ್ ಇಟ್ಟು ನೋಡಿ, ಹೊಟ್ಟೆ ಒತ್ತಿ, ಚಾರ್ಟು ಎರಡು ಸಲ ಓದಿದರು. ರಿಂಗರ್ ಲ್ಯಾಕ್ಟೇಟ್ ಡ್ರಿಪ್ 500 ಎಂ.ಎಲ್. ಬೇಗ ಹೋಗಲಿ, ಆಮೇಲೆ ನೋಡಿ ಇನ್ನೊಂದು ಅಂದರು. ಡೈಕ್ಲೋ ಹೆಸರಿನ ಮೇಲೆ ಗೀಟು ಎಳೆದು ಪ್ಯಾರಾಸಿಟಮಾಲ್ ಬರೆದರು. ರಕ್ತ ಲ್ಯಾಬಿಗೆ ಹೋಯಿತು. ಕಿಡ್ನಿ ಸೋತಷ್ಟೂ ಏರುವ ಕ್ರಿಯಾಟಿನಿನ್ 1.5 ಬಂತು, ಆಪರೇಷನ್ನಿಗೆ ಮುಂಚೆ 0.9 ಇತ್ತು.

ಮೂರಕ್ಕೆ 20. ಸವಿತಾ ಕುರ್ಚಿಯನ್ನೇ ಏಳನೇ ಬೆಡ್ಡಿನ ಹತ್ತಿರ ಎಳೆದುಕೊಂಡಳು. ನಾಲ್ಕಕ್ಕೆ 40.

ಐದಕ್ಕೆ ಹನುಮಂತಪ್ಪ ಕಣ್ಣು ಬಿಟ್ಟ. "ಏನ್ ಸಿಸ್ಟರ್, ರಾತ್ರಿಯೆಲ್ಲ ಆ ಚೀಲಾನೇ ನೋಡ್ತಾ ಕುಂತಿದ್ರಂತಲ್ಲ. ನಮ್ಮವಳು ಹೇಳಿದ್ಲು."

"ಕೈ ಮಡಚಬೇಡಿ ಹನುಮಂತಪ್ಪ," ಅಂದಳು ಸವಿತಾ. ಟಾರ್ಚ್ ಹಿಡಿದು ಬಗ್ಗಿದಳು. ಡಿಕಾಕ್ಷನ್ ಈಗ ತಿಳಿಯಾಗಿತ್ತು. ಚಾರ್ಟಿನಲ್ಲಿ 55 ಅಂತ ಬರೆದಳು.