ಬಾಕಿ 290 ಚೀಲ ತೊಗರಿ ಬೇಳೆ: ತಡವಾದುದಕ್ಕೆ ಕ್ಷಮೆ, ತಲುಪಿಸುವ ದಿನಗಳ ವಿವರ

ಕಲಬುರಗಿ, ಕಪನೂರ ಕೈಗಾರಿಕಾ ಪ್ರದೇಶ
6 ಅಕ್ಟೋಬರ್ 2025, ಸೋಮವಾರ

ಶ್ರೀ ಬಸವರಾಜಪ್ಪನವರಿಗೆ
ಕಿರಾಣಿ ಸಗಟು ವ್ಯಾಪಾರಿಗಳು, ದಾವಣಗೆರೆ

ಮಾನ್ಯರೇ, ಶರಣು ಶರಣಾರ್ಥಿ.

ನಿಮಗೆ ಸೆಪ್ಟೆಂಬರ್ 27ರೊಳಗೆ 30 ಕಿಲೋದ 400 ಚೀಲ, ಅಂದರೆ 120 ಕ್ವಿಂಟಲ್ ತೊಗರಿ ಬೇಳೆ ಮುಟ್ಟಿಸುತ್ತೇವೆಂದು ಒಪ್ಪಿಕೊಂಡಿದ್ದೆವು. ಅದರಲ್ಲಿ 110 ಚೀಲ ಮಾತ್ರ, ಅದೂ 30ನೇ ತಾರೀಖಿಗೆ ನಿಮ್ಮ ಗೋದಾಮಿಗೆ ಬಂದಿವೆ. 290 ಚೀಲ ಇನ್ನೂ ಬಾಕಿ. ಇದಕ್ಕಾಗಿ ನಿಮ್ಮಲ್ಲಿ ಕ್ಷಮೆ ಕೇಳುತ್ತೇನೆ. ದಸರಾ ಮುಗಿದು ಹಾಸ್ಟೆಲ್‌ಗಳು ತೆರೆಯುವ ಹೊತ್ತಿಗೆ ನಿಮ್ಮ ಅಂಗಡಿಯಲ್ಲಿ ಬೇಳೆ ಇರಲಿಲ್ಲ. ನಿಮ್ಮನ್ನು ನಂಬಿದ ಮೆಸ್ಸಿನವರಿಗೆ ನೀವು ಉತ್ತರ ಹೇಳಬೇಕಾಯಿತು. ಆ ಮುಜುಗರ ನಮ್ಮಿಂದ ಆದದ್ದು.

ಕಾರಣ ಕೇಳುವ ಹಕ್ಕು ನಿಮಗಿದೆ. ಸೆಪ್ಟೆಂಬರಿನ ಮಳೆ, ಕೊನೆಯ ವಾರದಲ್ಲಿ ಉಕ್ಕಿದ ಭೀಮೆ, ಇವೆಲ್ಲ ನೀವು ಪತ್ರಿಕೆಯಲ್ಲಿ ಓದಿದ್ದೀರಿ. ತೊಗರಿಯ ಸಿಪ್ಪೆ ಕಾಳಿಗೆ ಅಂಟಿನಿಂದ ಹಿಡಿದುಕೊಂಡಿರುತ್ತದೆ. ಮೊದಲ ರೋಲರಿನಲ್ಲಿ ಸಿಪ್ಪೆಗೆ ಗೀರು ಬೀಳಿಸಿ, ಎಣ್ಣೆ ಹಚ್ಚಿ, ರಾಶಿ ಹಾಕಿ ಬಿಟ್ಟು, ಆಮೇಲೆ ಅಂಗಳದಲ್ಲಿ ಹರವಿ ಒಣಗಿಸಿದರೇನೇ ಆ ಅಂಟು ಸಡಿಲಾಗುತ್ತದೆ. ಬಿಸಿಲು ಬೀಳದಿದ್ದರೆ ಸಿಪ್ಪೆ ಬಿಡುವುದಿಲ್ಲ. ಒತ್ತಾಯದಿಂದ ರೋಲರಿಗೆ ಹಾಕಿದರೆ ಕಾಳು ಒಡೆದು ನುಚ್ಚಾಗುತ್ತದೆ, ಬೇಳೆಯ ಮೇಲೆ ಸಿಪ್ಪೆಯ ಚುಕ್ಕೆ ಉಳಿಯುತ್ತದೆ. ಹಸಿ ಬೇಳೆ ಚೀಲಕ್ಕೆ ತುಂಬಿದರೆ ತೂಕವೇನೋ ಹೆಚ್ಚು ಬರುತ್ತದೆ, ಆದರೆ ನಿಮ್ಮ ಗೋದಾಮಿನಲ್ಲಿ ಬೂಸು ಹಿಡಿಯುತ್ತದೆ. ಅಂಥ ಮಾಲು ಕಳಿಸಿ ತಾರೀಖು ಉಳಿಸಿಕೊಳ್ಳುವುದು ನನಗೆ ಬೇಡವಾಗಿತ್ತು. ಹೊರದೇಶದ ತೊಗರಿ ಬೆರೆಸಿ ಲೆಕ್ಕ ತುಂಬಿಸಿ ಎಂದವರೂ ಇದ್ದರು. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿದೆ. ನೀವು ಬೇಗ ಬೇಯುವ ಬೇಳೆ, ಈ ನೆಲದ ರುಚಿ ಎಂದು ಹೇಳಿ ಮಾರುವುದೂ ಅದನ್ನೇ. ಅದರ ಹೆಸರಿನಲ್ಲಿ ಬೇರೆ ಮಾಲು ನಮ್ಮ ಚೀಲದಲ್ಲಿ ಹೋಗುವುದಿಲ್ಲ.

ಇಷ್ಟಾದರೂ ತಪ್ಪು ಮಳೆಯದಲ್ಲ. ಮಳೆಗಾಲದ ಆರ್ಡರಿಗೆ ಬಿಸಿಲನ್ನೇ ನಂಬಿ ತಾರೀಖು ಕೊಟ್ಟವರು ನಾವು. ನಮ್ಮಲ್ಲಿರುವ ಸಣ್ಣ ಡ್ರೈಯರನ್ನು ನಿಮ್ಮ ಮಾಲಿಗೆ ಮೀಸಲಿಡದೆ ನಡುವೆ ಇನ್ನೊಂದು ಆರ್ಡರಿಗೂ ಓಡಿಸಿದವರು ನಾವು. ಇವೆರಡಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಮತ್ತೊಂದು. 27ಕ್ಕೆ ಆಗುವುದಿಲ್ಲವೆಂದು ನಮಗೆ 18ನೇ ತಾರೀಖಿಗೇ ಗೊತ್ತಿತ್ತು. ನೀವು ಫೋನು ಮಾಡಿದಾಗಲೆಲ್ಲ ನಮ್ಮ ಆಫೀಸಿನಿಂದ ‘ಇನ್ನೆರಡು ದಿನ’ ಎಂಬ ಉತ್ತರ ಬಂತು. ಅಂದೇ ಉಳ್ಳದ್ದು ಹೇಳಿದ್ದರೆ ನೀವು ಸಾವಕಾಶವಾಗಿ ಬೇರೆ ಏರ್ಪಾಡು ಮಾಡಿಕೊಳ್ಳುತ್ತಿದ್ದಿರಿ. ಕೊನೆಗಳಿಗೆಯಲ್ಲಿ ಕೇಳಿದ ರೇಟಿಗೆ 60 ಚೀಲ ಕೊಳ್ಳುವ ಪ್ರಮೇಯ ಬರುತ್ತಿರಲಿಲ್ಲ. ಆ ಉತ್ತರಗಳ ಹೊಣೆ ಆಫೀಸಿನ ಹುಡುಗರದಲ್ಲ, ನನ್ನದು.

ಈಗ ಬಾಕಿ ಮಾಲಿನ ಮಾತು. 100 ಚೀಲ ತಯಾರಿವೆ, ಹೊಲಿಗೆಯೂ ಆಗಿದೆ. ನಾಳೆ ಮಂಗಳವಾರ ರಾತ್ರಿ ಲೋಡಾಗಿ ಬುಧವಾರ, 8ನೇ ತಾರೀಖು, ನಿಮ್ಮಲ್ಲಿಗೆ ಬರುತ್ತವೆ. ದಾರಿಯಲ್ಲಿ ಈಗ ತೊಂದರೆಯಿಲ್ಲವೆಂದು ಟ್ರಾನ್ಸ್‌ಪೋರ್ಟಿನವರನ್ನು ಕೇಳಿ ಖಚಿತ ಮಾಡಿಕೊಂಡಿದ್ದೇನೆ. ಎರಡನೇ ಲೋಡು 120 ಚೀಲ, ಶನಿವಾರ 11ಕ್ಕೆ ಇಲ್ಲಿಂದ ಹೊರಡುತ್ತದೆ. ಉಳಿದ 70 ಚೀಲ ಮಂಗಳವಾರ 14ಕ್ಕೆ ಹೊರಟು 15ಕ್ಕೆ ಮುಟ್ಟುತ್ತವೆ. ದೀಪಾವಳಿಯ ವ್ಯಾಪಾರಕ್ಕೆ ನಿಮ್ಮ ಕೈಯಲ್ಲಿ ಪೂರ್ತಿ ಮಾಲು ಇರುತ್ತದೆ.

ಈ ತಾರೀಖುಗಳನ್ನು ಯಾವ ಧೈರ್ಯದ ಮೇಲೆ ಬರೆಯುತ್ತಿದ್ದೇನೆಂದು ನೀವು ಕೇಳಬಹುದು. ಕೊನೆಯ ಎರಡು ಲೋಡಿನ 57 ಕ್ವಿಂಟಲ್ ಬೇಳೆಗೆ ಸುಮಾರು 82 ಕ್ವಿಂಟಲ್ ತೊಗರಿ ಬೇಕು. ನೂರು ಕಿಲೋ ಕಾಳಿಗೆ ನಮ್ಮಲ್ಲಿ ಹೆಚ್ಚುಕಡಿಮೆ 70 ಕಿಲೋ ಬೇಳೆ ಇಳಿಯುತ್ತದೆ, ಉಳಿದದ್ದು ಹೊಟ್ಟು, ನುಚ್ಚು. ಅಷ್ಟೂ ತೊಗರಿ ಗೋದಾಮಿನಲ್ಲಿದೆ, ಗಂಜಿನಲ್ಲಿ ಹೊಸದಾಗಿ ಕೊಳ್ಳಬೇಕಾಗಿಲ್ಲ. ಎಣ್ಣೆ ಹಚ್ಚುವ ಕೆಲಸ ನಿನ್ನೆಯೇ ಮುಗಿದಿದೆ. ನಮ್ಮ ಡ್ರೈಯರ್ ಇಂದಿನಿಂದ ನಿಮ್ಮ ಮಾಲಿಗಷ್ಟೇ ಓಡುತ್ತದೆ. ಪಕ್ಕದ ಮಿಲ್ಲಿನ ದೊಡ್ಡ ಡ್ರೈಯರನ್ನು 13ರವರೆಗೆ ಬಾಡಿಗೆಗೆ ಹಿಡಿದಿದ್ದೇವೆ. ಬಿಸಿಲು ಬಂದರೆ ಒಳ್ಳೆಯದು, ಬರದಿದ್ದರೂ ಲೆಕ್ಕ ತಪ್ಪುವುದಿಲ್ಲ. ಹಮಾಲರಿಗೂ ರಾತ್ರಿ ಪಾಳಿಗೆ ಹೇಳಿ ಆಗಿದೆ.

ಒಂದು ವೇಳೆ ಶುಕ್ರವಾರ 10ರ ಸಂಜೆಗೆ 120 ಚೀಲ ತುಂಬಿರದಿದ್ದರೆ, ಎಷ್ಟು ಕಡಿಮೆಯೋ ಅಷ್ಟನ್ನು ಇಲ್ಲಿಯದೇ ಬೇರೆ ಮಿಲ್ಲಿನಿಂದ ಕೊಂಡು ಕಳಿಸುತ್ತೇನೆ. ರೇಟಿನ ಹೆಚ್ಚುವರಿ ನಮ್ಮದು. ಹಾಗೆ ಕೊಳ್ಳುವ ಮೊದಲು ಮಾದರಿ ನಿಮಗೆ ಬರುತ್ತದೆ, ನೀವು ಹೂಂ ಎಂದ ಮೇಲೆಯೇ ಲೋಡು. ಮೂರನೇ ಲೋಡಿಗೂ ಇದೇ ಮಾತು. ಅಲ್ಲಿಯತನಕ ಪ್ರತಿ ಸಂಜೆ 6 ಗಂಟೆಗೆ ಅಂದು ತುಂಬಿದ ಚೀಲದ ಲೆಕ್ಕ, ತೇವಾಂಶದ ಮೀಟರಿನ ಫೋಟೊ ನಿಮ್ಮ ವಾಟ್ಸಾಪಿಗೆ ನಾನೇ ಹಾಕುತ್ತೇನೆ. ತೇವಾಂಶ ಶೇ. 10 ಮೀರಿದ ಮಾಲು ಚೀಲಕ್ಕೆ ಇಳಿಯದು.

ಹಣದ ವಿಷಯದಲ್ಲಿ ನೀವು ಬಾಯಿಬಿಟ್ಟು ಕೇಳಿಲ್ಲ, ಅದು ನಿಮ್ಮ ದೊಡ್ಡತನ. ನೀವು ಅಲ್ಲಿ ಕೊಂಡ 60 ಚೀಲಕ್ಕೆ ಕ್ವಿಂಟಲ್ಲಿಗೆ ₹450 ಹೆಚ್ಚು ಕೊಟ್ಟಿದ್ದೀರಿ. 18 ಕ್ವಿಂಟಲ್ಲಿಗೆ ಅದು ₹8,100 ಆಗುತ್ತದೆ. ಆ ಮೊತ್ತವನ್ನು ನಾಳಿನ ಬಿಲ್ಲಿನಲ್ಲೇ ಕಳೆದಿದ್ದೇವೆ. ಒಂದೇ ಲಾರಿಯಲ್ಲಿ ಬರಬೇಕಾದ ಮಾಲು ಈಗ ಹಲವು ಸಲ ಬರುವುದರಿಂದ ಹೆಚ್ಚಾಗುವ ಬಾಡಿಗೆ, ನಿಮ್ಮಲ್ಲಿ ಇಳಿಸುವ ಹಮಾಲಿ, ಎರಡೂ ನಮ್ಮವು. ಗಂಜಿನಲ್ಲಿ ರೇಟು ಏನೇ ಆಗಲಿ, ನಾವು ಮಾತಾಡಿದ ರೇಟೇ ಕೊನೆಯ ಚೀಲದವರೆಗೆ. ಬಾಕಿ ಹಣ ಕೊಡಲು ನಿಮಗಿರುವ 15 ದಿನದ ಅವಧಿಯನ್ನು ಕೊನೆಯ ಲೋಡು ಮುಟ್ಟಿದ ದಿನದಿಂದ ಎಣಿಸಿಕೊಳ್ಳಿ.

ಆ 60 ಚೀಲ ಕೊಂಡ ಮೇಲೆ ನಿಮಗೆ ಈಗ 290 ಬೇಡವೆನಿಸಬಹುದು. ಎಷ್ಟು ಕಡಿಮೆ ಮಾಡಬೇಕೆಂದು ಗುರುವಾರದೊಳಗೆ ಹೇಳಿದರೆ ಸಾಕು, ಕೊನೆಯ ಲೋಡಿನಲ್ಲಿ ಅಷ್ಟು ಬಿಡುತ್ತೇವೆ. ಅದಕ್ಕೆ ಸೇರಿದ ಮುಂಗಡವನ್ನು ಎರಡು ದಿನದಲ್ಲಿ ನಿಮ್ಮ ಖಾತೆಗೆ ಮರಳಿಸುತ್ತೇವೆ. ನಮಗೆ ಬೇಸರವಿಲ್ಲ.

ಬುಧವಾರ ಬರುವ 100 ಚೀಲದಲ್ಲಿ ನಿಮಗೆ ಬೇಕಾದ ನಾಲ್ಕನ್ನು ಬಿಚ್ಚಿಸಿ, ಅಂಗೈಯಲ್ಲಿ ಉಜ್ಜಿ ನೋಡಿ, ಒಂದಿಷ್ಟು ಬೇಯಿಸಿಯೂ ನೋಡಿ. ಮನಸ್ಸಿಗೆ ಬರದಿದ್ದರೆ ಇಳಿಸಿಕೊಳ್ಳಬೇಡಿ, ಅದೇ ಲಾರಿಯಲ್ಲಿ ವಾಪಸು ಕಳಿಸಿ. ಡ್ರೈವರಿಗೆ ಹಾಗೆಂದೇ ತಿಳಿಸಿದ್ದೇನೆ. ಬುಧವಾರ ಬೆಳಗ್ಗೆ ನೀವು ಅಂಗಡಿ ತೆರೆಯುವ ಹೊತ್ತಿಗೆ ನಾನೇ ಫೋನು ಮಾಡುತ್ತೇನೆ.

ನಿಮ್ಮ ವಿಶ್ವಾಸಿ,
ಶಿವಲೀಲಾ
ಮಾಲೀಕರು, ತೊಗರಿ ಬೇಳೆ ಮಿಲ್ಲು, ಕಲಬುರಗಿ